‘ನಿರುದ್ಯೋಗ’ ಅಂದರೆ ಯಾರ ನಿರುದ್ಯೋಗ?

ಪ್ರಶ್ನೆ: ಪ್ರಬಂಧದ ಶುರುವಲ್ಲೇ ಮುಖ್ಯ ಪದದ ಅರ್ಥ ಬರೆಯುತ್ತೇನೆ. ಆದರೂ ‘ವ್ಯಾಖ್ಯೆ ಅಸ್ಪಷ್ಟ, ವಾದ ನಿಲ್ಲುವುದಿಲ್ಲ’ ಅಂತ ಮಾರ್ಕ್ಸ್ ಕಳೆಯುತ್ತಾರೆ. ಅರ್ಥ ಹೇಳಿದ ಮೇಲೂ ಏನು ತಪ್ಪು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಪ್ರಬಂಧಗಳನ್ನು ನಾನು ತಿದ್ದಿಕೊಡುತ್ತೇನೆ. ಈಚೆಗೆ ಒಬ್ಬ ಹುಡುಗಿ ನಿರುದ್ಯೋಗದ ಬಗ್ಗೆ ಬರೆದು ತಂದಿದ್ದಳು. ಮೊದಲ ಸಾಲು ಹೀಗಿತ್ತು: ‘ನಿರುದ್ಯೋಗ ಎಂದರೆ ಕೆಲಸವಿಲ್ಲದಿರುವ ಸ್ಥಿತಿ.’ ನಿಘಂಟಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಸಾಲು ಯಾರನ್ನೂ ಹೊರಗಿಡುವುದಿಲ್ಲ. ಎಪ್ಪತ್ತು ದಾಟಿದ ಅಜ್ಜ, ಕಾಲೇಜಿಗೆ ಹೋಗುವ ಹುಡುಗ, ಕೆಲಸವೇ ಬೇಡ ಅಂದವರು, ಎಲ್ಲರೂ ಇದರೊಳಗೆ ಬಂದುಬಿಡುತ್ತಾರೆ.

ಮುಂದೆ ಏನಾಯಿತು ನೋಡಿ. ಎರಡನೇ ಪ್ಯಾರಾದಲ್ಲಿ ಅವಳು ಸರ್ಕಾರದ ಕಾರ್ಮಿಕ ಸಮೀಕ್ಷೆಯ ಅಂಕಿ ಕೊಟ್ಟಳು: 2023-24ರಲ್ಲಿ, 15 ವರ್ಷ ದಾಟಿದವರಲ್ಲಿ ನಿರುದ್ಯೋಗ ಶೇ. 3.2. ಮೂರನೇ ಪ್ಯಾರಾದಲ್ಲಿ, ಡಿಗ್ರಿ ಮುಗಿಸಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಹುಡುಗರು. ನಾಲ್ಕನೆಯದರಲ್ಲಿ, ಮನೆಯ ಹಸುವಿನ ಹಾಲು ಕರೆದು ಡೇರಿಗೆ ಹಾಕುವ, ಆದರೆ ಕೈಗೆ ಸಂಬಳ ಅಂತ ಏನೂ ಬರದ ಸೊಸೆ. ಕೊನೆಗೆ, ‘ಆದ್ದರಿಂದ ನಿರುದ್ಯೋಗ ಭೀಕರವಾಗಿದೆ.’

ಸಮೀಕ್ಷೆಯ ಲೆಕ್ಕವೇ ಬೇರೆ. ಕೆಲಸ ಇಲ್ಲದೆ, ಕೆಲಸ ಹುಡುಕುತ್ತಿರುವವರು ಅಥವಾ ಸಿಕ್ಕರೆ ಮಾಡಲು ತಯಾರಿರುವವರು ಮಾತ್ರ ಅಲ್ಲಿ ನಿರುದ್ಯೋಗಿಗಳು. ಬರೀ ಓದುತ್ತಿರುವ ಹುಡುಗ ದುಡಿಯುವವರ ಪಟ್ಟಿಯಲ್ಲೂ ಇಲ್ಲ, ನಿರುದ್ಯೋಗಿಗಳ ಪಟ್ಟಿಯಲ್ಲೂ ಇಲ್ಲ. ಹಾಲು ಕರೆಯುವ ಸೊಸೆ ಮನೆಯ ಉದ್ಯೋಗಕ್ಕೆ ನೆರವಾಗುವವಳು, ಹಾಗಾಗಿ ಅವಳು ಉದ್ಯೋಗದಲ್ಲಿರುವವಳೇ! ಅಂದರೆ ಆ ಹುಡುಗಿ ಕೊಟ್ಟ ಅಂಕಿಯ ನಿರುದ್ಯೋಗಿಗಳಲ್ಲಿ ಅವಳ ಎರಡು ಉದಾಹರಣೆಗಳೂ ಇಲ್ಲ. ಒಂದೇ ಪದ ಮೂರು ಪ್ಯಾರಾದಲ್ಲಿ ಮೂರು ಅರ್ಥ ಕೊಟ್ಟಿತ್ತು. ಒಂದೊಂದು ಪ್ಯಾರಾ ಬಿಡಿಯಾಗಿ ಓದಿದರೆ ಚೆನ್ನಾಗಿತ್ತು. ಆದರೆ ಅವು ಸೇರಿ ಕೊನೆಯ ತೀರ್ಮಾನವನ್ನು ಹೊರುತ್ತಿರಲಿಲ್ಲ.

ಅವಧಿಯನ್ನು ಹೇಳದಿದ್ದರೂ ಇದೇ ತೊಂದರೆ. ಮಲೆನಾಡಿನ ಒಬ್ಬ ಹುಡುಗ ಅಡಿಕೆ ಸುಗ್ಗಿಯಲ್ಲಿ ನಲವತ್ತು ದಿನ ಕೂಲಿಗೆ ಹೋಗುತ್ತಾನೆ, ಉಳಿದ ವರ್ಷವೆಲ್ಲ ಕೆಲಸ ಹುಡುಕುತ್ತಾನೆ ಅಂದುಕೊಳ್ಳಿ. ಇಡೀ ವರ್ಷ ನೋಡುವ ಲೆಕ್ಕದಲ್ಲಿ ಮೂವತ್ತು ದಿನ ಕೆಲಸ ಮಾಡಿದರೂ ಸಾಕು, ಅವನು ಉದ್ಯೋಗಿ. ಹಿಂದಿನ ಏಳು ದಿನ ಮಾತ್ರ ನೋಡುವ ಲೆಕ್ಕವೂ ಇದೆ. ಆ ವಾರ ಅವನಿಗೆ ಒಂದು ಗಂಟೆಯೂ ಕೆಲಸ ಸಿಕ್ಕಿರದಿದ್ದರೆ ಅದೇ ಹುಡುಗ ನಿರುದ್ಯೋಗಿ. ಮೇಲಿನ ಶೇ. 3.2 ವರ್ಷದ ಲೆಕ್ಕ. ಅದೇ ಸಮೀಕ್ಷೆಯಲ್ಲಿ ವಾರದ ಲೆಕ್ಕ ಹಿಡಿದರೆ ಶೇ. 4.9. ಎರಡೂ ಸರಿ. ಯಾವುದನ್ನು ಹಿಡಿದಿದ್ದೀರಿ ಅಂತ ಹೇಳದಿದ್ದರೆ, ಇನ್ನೊಂದು ಅಂಕಿ ತೋರಿಸಿ ಯಾರಾದರೂ ನಿಮ್ಮ ವಾದವನ್ನು ಬೀಳಿಸಬಹುದು ಅಲ್ವಾ?

ನಾನು ಅವಳಿಗೆ ಹೇಳಿದ್ದು ಇಷ್ಟು. ಯಾರು, ಎಷ್ಟು ಅವಧಿಯಲ್ಲಿ, ಎಷ್ಟು ಕೆಲಸ ಇದ್ದರೆ ‘ಇದೆ’ ಅನ್ನುತ್ತೀ, ಅವರಿಗೆ ಕೆಲಸ ಬೇಕೋ ಬೇಡವೋ, ಇವಕ್ಕೆಲ್ಲ ವ್ಯಾಖ್ಯೆಯಲ್ಲೇ ಉತ್ತರ ಇರಲಿ. ಆಮೇಲೆ ಪ್ರಬಂಧದಲ್ಲಿ ‘ನಿರುದ್ಯೋಗ’ ಬಂದ ಕಡೆಯಲ್ಲೆಲ್ಲ ಆ ಪದ ಹೊಡೆದುಹಾಕಿ, ಪೆನ್ಸಿಲಲ್ಲಿ ವ್ಯಾಖ್ಯೆಯನ್ನೇ ಬರೆದು ಓದು. ಎಲ್ಲಿ ವಾಕ್ಯ ಸುಳ್ಳಾಗುತ್ತದೋ ಅಲ್ಲಿ ಅರ್ಥ ಜಾರಿದೆ. ನೀವೂ ಇದನ್ನು ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಹಾಗಂತ ಎಲ್ಲ ಪದಕ್ಕೂ ವ್ಯಾಖ್ಯೆ ಬೇಡ. ‘ಸರ್ಕಾರ’, ‘ಯುವಕರು’ ಅಂತೆಲ್ಲ ಬರೆಯುತ್ತಾ ಹೋದರೆ ಸುಮ್ನೆ ಜಾಗ ಹಾಳು. ಯಾವ ಪದದ ಅರ್ಥ ಬದಲಾದರೆ ತೀರ್ಮಾನವೂ ಬದಲಾಗುತ್ತದೋ ಅದಕ್ಕೆ ಮಾತ್ರ ಸಾಕು. ಇನ್ನೊಂದು ಮಾತು. ‘ನಿಜವಾದ ಉದ್ಯೋಗ ಅಂದರೆ ಸಂಬಳದ ಕೆಲಸ’ ಅಂತ ಮೊದಲೇ ಬರೆದು, ಕೊನೆಗೆ ‘ಹಳ್ಳಿಗಳಲ್ಲಿ ಉದ್ಯೋಗವೇ ಇಲ್ಲ’ ಅನ್ನಬೇಡಿ. ಸಾಬೀತು ಮಾಡಬೇಕಾದದ್ದನ್ನು ವ್ಯಾಖ್ಯೆಯೊಳಗೇ ಸೇರಿಸಿಟ್ಟರೆ ಅದು ವಾದವೇ ಅಲ್ಲ. ಇಂಥದ್ದು ನನಗೆ ಅಸ್ಪಷ್ಟತೆಗಿಂತ ಜಾಸ್ತಿ ಬೇಸರ ತರುತ್ತದೆ.

ಆ ಹುಡುಗಿಯ ಎರಡನೇ ಪ್ರತಿ ಹೀಗೆ ಶುರುವಾಗಿತ್ತು: ‘ಈ ಪ್ರಬಂಧದಲ್ಲಿ ನಿರುದ್ಯೋಗಿ ಎಂದರೆ, ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆಯೂ ಕೆಲಸ ಸಿಗದ, ಆದರೆ ಕೆಲಸ ಹುಡುಕಿದ ಅಥವಾ ಮಾಡಲು ತಯಾರಿದ್ದ, 15 ವರ್ಷ ದಾಟಿದ ವ್ಯಕ್ತಿ.’ ಅಂಕಿಯನ್ನು 4.9ಕ್ಕೆ ಬದಲಿಸಿದ್ದಳು. ಓದುವ ಹುಡುಗರ ಪ್ಯಾರಾ ತೆಗೆದಿದ್ದಳು. ಸೊಸೆಯನ್ನು ಮಾತ್ರ ಬಿಟ್ಟಿರಲಿಲ್ಲ, ‘ಕೂಲಿಯಿಲ್ಲದ ದುಡಿಮೆ’ ಅಂತ ಬೇರೆ ಹೆಸರು ಕೊಟ್ಟು, ಈ ಶೇಕಡಾವಾರು ಅವಳನ್ನು ಯಾಕೆ ಕಾಣುವುದಿಲ್ಲ ಅಂತ ಒಂದಿಡೀ ಪುಟ ಬರೆದಿದ್ದಳು. ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪುಟ ಅದು.