ನವಜೋತ್‌ಗೆ ಹೊರಟವರಿಗೆ

ಪ್ರಶ್ನೆ: ನಾವು ಮುಂಬೈನಲ್ಲಿದ್ದೇವೆ. ಪಕ್ಕದ ಮನೆಯ ಪಾರ್ಸಿ ದಂಪತಿ ಎಂಟು ವರ್ಷದ ಮಗಳ ನವಜೋತ್‌ಗೆ ಕರೆದಿದ್ದಾರೆ. ಇದು ನಮ್ಮ ಉಪನಯನದ ಥರವೇ? ಅಲ್ಲಿ ಏನು ನಡೆಯುತ್ತದೆ, ನಾವು ಹೇಗಿರಬೇಕು?

ಸಂಪಾದಕರ ಉತ್ತರ:

ನವಜೋತ್ ಅಂದರೆ ಪಾರ್ಸಿ ಮಗುವನ್ನು ಜರತುಷ್ಟ್ರ ಧರ್ಮಕ್ಕೆ ಸೇರಿಸಿಕೊಳ್ಳುವ ವಿಧಿ. ನೋಡೋಕೆ ಸ್ವಲ್ಪ ಉಪನಯನದ ಹಾಗೇ ಕಾಣುತ್ತದೆ. ಆದರೆ ಇಲ್ಲಿ ದಾರ ಹೆಗಲಿಗಲ್ಲ, ಸೊಂಟಕ್ಕೆ. ಗಂಡು, ಹೆಣ್ಣು ಎರಡಕ್ಕೂ ಒಂದೇ ವಿಧಿ. ನಿಮ್ಮ ಪಕ್ಕದ ಮನೆಯ ಹುಡುಗಿ ಕೂಡ ಬದುಕಿಡೀ ಅದನ್ನು ಕಟ್ಟಿಕೊಳ್ಳುತ್ತಾಳೆ. ನನಗೆ ತುಂಬ ಹಿಡಿಸುವ ಸಂಗತಿ ಇದು.

ಒಳಗೆ ತೊಡುವ ಬಿಳಿ ಹತ್ತಿ ಅಂಗಿಯ ಹೆಸರು ಸುದ್ರೆ. ಕುತ್ತಿಗೆಯ ಕೆಳಗೆ, ಎದೆಯ ಮೇಲೆ ಒಂದು ಪುಟ್ಟ ಜೇಬು ಹೊಲಿದಿರುತ್ತದೆ. ಅದಕ್ಕೆ ಗಿರೇಬಾನ್ ಅನ್ನುತ್ತಾರೆ. ಅದರಲ್ಲಿ ತುಂಬಬೇಕಾದ್ದು ಒಳ್ಳೆಯ ಕೆಲಸ. ಸುದ್ರೆಯ ಮೇಲೆ ಕಟ್ಟುವ ದಾರ ಕುಸ್ತಿ. ಕುರಿಮರಿ ಉಣ್ಣೆಯ 72 ಎಳೆಗಳನ್ನು ಕೊಳವೆಯ ಹಾಗೆ ನೇಯ್ದಿರುತ್ತಾರೆ. ಪಾರ್ಸಿಗಳ ಪವಿತ್ರ ಗ್ರಂಥ ಯಸ್ನದ ಅಧ್ಯಾಯಗಳೂ 72.

ಮಗುವಿಗೆ ಮೊದಲು ನಾಹ್ಣ್ ಎಂಬ ಶುದ್ಧಿಸ್ನಾನ. ಆಮೇಲೆ ವಿಧಿ ಮುಗಿಯುವ ತನಕ ಅವಳು ಮಡಿಯಲ್ಲಿರುತ್ತಾಳೆ. ಮುದ್ದು ಬಂತೆಂದು ಮುಟ್ಟಬೇಡಿ, ಅಪ್ಪಿಕೊಳ್ಳೋದು ಆಮೇಲಿರಲಿ. ಬಿಳಿ ಶಾಲು ಹೊದ್ದು ಅವಳು ಪುರೋಹಿತರ ಎದುರು ಕೂರುತ್ತಾಳೆ. ಪಕ್ಕದಲ್ಲಿ ಅಕ್ಕಿ, ಹೂವು, ತೆಂಗಿನಕಾಯಿ, ಚಂದನ ಉರಿಯುವ ಬೆಂಕಿ. ತಾನು ದೇವರಾದ ಮಜ್ದಾನನ್ನು ಆರಾಧಿಸುವ ಈ ಧರ್ಮ ಒಪ್ಪಿದ್ದೇನೆ ಎಂದು ಅವಳು ದೀನ್ ನೋ ಕಲ್ಮೋ ಹೇಳುತ್ತಾಳೆ. 'ಯಥಾ ಅಹೂ ವೈರ್ಯೋ' ಮಂತ್ರ ಹೇಳುತ್ತಿದ್ದಂತೆ ಸುದ್ರೆ ತೊಡಿಸುತ್ತಾರೆ.

ಇನ್ನು ಕುಸ್ತಿ. ಇದನ್ನು ಸರಿಯಾಗಿ ಗಮನಿಸಿ. ಪುರೋಹಿತರು ಮಗುವಿನ ಬೆನ್ನ ಹಿಂದೆ ನಿಂತು ಮಂತ್ರ ಹೇಳುತ್ತಾ ದಾರವನ್ನು ಸೊಂಟಕ್ಕೆ ಎರಡು ಸುತ್ತು ತಂದು ಮುಂದೆ ಗಂಟು ಹಾಕುತ್ತಾರೆ. ಮೂರನೇ ಸುತ್ತು ಹಿಂದಕ್ಕೆ ಹೋಗಿ, 'ಅಶೆಮ್ ವೊಹೂ' ಹೇಳುವಾಗ ಬೆನ್ನ ಮೇಲೆ ಗಂಟು ಬೀಳುತ್ತದೆ. ಮಗುವೂ ಜೊತೆಗೇ ಹೇಳಬೇಕು. ಅದಕ್ಕೇ ತಿಂಗಳುಗಟ್ಟಲೆ ಮೊದಲೇ ಕಲಿಸುತ್ತಾರೆ. ಮಂತ್ರಗಳ ಹಳೆಯ ಅವೆಸ್ತಾ ಭಾಷೆ ಮಕ್ಕಳಿಗೆ ಹೊಸದು, ಬಾಯಿಪಾಠ ಮಾಡಿಯೇ ಬರಬೇಕು. ನಡುವೆ ತಡವರಿಸಿದರೆ ಪುರೋಹಿತರೇ ಎತ್ತಿಕೊಡುತ್ತಾರೆ. ಆಗ ನೀವು ಫೋನ್ ಹಿಡಿದು ಮುಂದೆ ನುಗ್ಗಿದರೆ ಮಗುವಿನ ಗಮನ ಹೋಗುತ್ತದೆ, ಅಲ್ವಾ? ಕೂತಲ್ಲೇ ಸುಮ್ನೆ ನೋಡಿ. ಕೊನೆಗೆ ಹಣೆಗೆ ಕುಂಕುಮ ಇಟ್ಟು, ಆರೋಗ್ಯ ಕೋರುವ ತಂದೊರೊಸ್ತಿ ಪ್ರಾರ್ಥನೆ ಹೇಳಿ, ಅಕ್ಕಿಯ ಜೊತೆ ದಾಳಿಂಬೆ ಕಾಳು, ಕೊಬ್ಬರಿ ಚೂರು ತಲೆಯ ಮೇಲೆ ಸುರಿದು ಹರಸುತ್ತಾರೆ.

ಪಾರ್ಸಿಗಳ ವಸತಿ ಬಡಾವಣೆಯಾದ ಬಾಗ್‌ನಲ್ಲೋ ಮನೆಯಲ್ಲೋ ನಡೆದರೆ ನೀವು ಆರಾಮಾಗಿ ಹೋಗಬಹುದು. ಅವರ ಅಗ್ನಿ ದೇವಾಲಯವಾದ ಅಗಿಯಾರಿಯ ಒಳಗೆ ಮಾತ್ರ ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ, ಹಾಗಾಗಿ ಜಾಗ ಎಲ್ಲಿ ಅಂತ ಮೊದಲೇ ಕೇಳಿಕೊಳ್ಳಿ. ಪ್ರಾರ್ಥನೆಯ ಹೊತ್ತಿಗೆ ತಲೆ ಮುಚ್ಚಿಕೊಳ್ಳಲು ಒಂದು ಟೋಪಿ, ದುಪಟ್ಟಾ ಜೊತೆಗಿರಲಿ. ಲಕೋಟೆಯಲ್ಲಿ ನೂರಾ ಒಂದೋ ಐನೂರಾ ಒಂದೋ ಇಟ್ಟುಕೊಡಿ. ಊಟದಲ್ಲಿ ಮೀನು, ಕೋಳಿ, ಮೊಟ್ಟೆ ಜಾಸ್ತಿ. ನೀವು ಸಸ್ಯಾಹಾರಿಗಳಾದರೆ ಒಂದು ವಾರ ಮುಂಚೆಯೇ ಹೇಳಿಬಿಡಿ, ಸಂಕೋಚ ಬೇಡ.