ಹೆರಿಗೆ ರಜೆ ಮುಗೀತಾ ಬಂತು. ಹಂತ ಹಂತವಾಗಿ ಕೆಲಸಕ್ಕೆ ಮರಳೋಕೆ, ಹಾಲೂಡಿಸೋ ಬಿಡುವಿಗೆ ಎಚ್‌ಆರ್‌ಗೆ ಮೇಲ್ ಹೇಗೆ ಬರೀಲಿ?

ಎರಡನ್ನೂ ಒಂದೇ ದನಿಯಲ್ಲಿ ಕೇಳಬೇಡಿ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ನಮ್ಮ ದೇಶದ ಕಾನೂನು ಕೊಟ್ಟ ಹಕ್ಕು. ಊಟದ ವಿರಾಮ ಬೇರೆ, ಇದು ಬೇರೆ. ಅದಕ್ಕೆ ಅಂಗಲಾಚೋದು ಯಾಕೆ, ಅಲ್ವಾ? ಹೀಗೆ ಬರೆಯಿರಿ:

“ಜೂನ್ 2ರಿಂದ ಕೆಲಸಕ್ಕೆ ಬರುತ್ತೇನೆ. ಹೆರಿಗೆ ಸೌಲಭ್ಯದ ಕುರಿತ ಕಾನೂನಿನಂತೆ ಬೆಳಿಗ್ಗೆ 11ಕ್ಕೆ, ಸಂಜೆ 4ಕ್ಕೆ ಹಾಲೂಡಿಸುವ ಬಿಡುವು ತೆಗೆದುಕೊಳ್ಳುತ್ತೇನೆ. ಮೊದಲ ನಾಲ್ಕು ವಾರ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಒಪ್ಪಿಗೆ ಕೋರುತ್ತೇನೆ.”

ಕೊನೆಯ ಸಾಲು ಮಾತ್ರ ಕೋರಿಕೆ. ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲು ಕಾನೂನಲ್ಲಿ ಅವಕಾಶವಿದೆ. ಆದರೆ ಕೆಲಸ ಅಂಥದ್ದಾಗಿರಬೇಕು, ಕಂಪನಿಯೂ ಒಪ್ಪಬೇಕು. ಫೋನಲ್ಲಿ ‘ಆಯ್ತು’ ಅಂದರೆ ಸುಮ್ನಾಗಬೇಡಿ, ಮೇಲ್‌ನಲ್ಲೇ ಉತ್ತರ ಕೇಳಿ.