ಏರಿ ಮೇಲೆ ಟೇಪ್ ಹಿಡಿದು ಔಷಧಿ ತೂಕ ಮಾಡಬೇಡಿ

ಪ್ರಶ್ನೆ: "ಹೊಂಡ ಏರಿಯಿಂದ ಏರಿಗೆ 34 ಮೀಟರ್ ಉದ್ದ, 24 ಮೀಟರ್ ಅಗಲ, ಆಳ 3 ಮೀಟರ್. ದಡ ಒಂದಕ್ಕೆ ಎರಡರ ಇಳಿಜಾರು. ನೀರು ಈಗ ಏರಿಗಿಂತ ಒಂದು ಮೀಟರ್ ಕೆಳಗಿದೆ. ಲೆಕ್ಕ ಹಾಕಿದರೆ 2,448 ಘನ ಮೀಟರ್ ಬಂತು. ಹಳೆ ಮೀನು ಸುಮಾರು 150 ಇವೆ, ಬಾಲದ ಹತ್ರ ಹತ್ತಿ ತರ ಕಟ್ಟಿದೆ. ಪರ್ಮಾಂಗನೇಟ್ 2 ಪಿಪಿಎಂ ಅಂದರೆ 4.9 ಕೆಜಿ ಹಾಕಬಹುದಾ? ಆಮೇಲೆ ಘನ ಮೀಟರಿಗೆ ಒಂದರಂತೆ 2,400 ಮರಿ ಬಿಡಬೇಕು ಅಂತಿದ್ದೇನೆ."

ಅಣ್ಣ, ದಯವಿಟ್ಟು ಆ 4.9 ಕೆಜಿ ಇವತ್ತು ಹಾಕಬೇಡಿ. ಪೊಟ್ಟಣ ಒಡೆದಿದ್ದರೆ ಮುಚ್ಚಿ ಇಡಿ. ಮೊದಲು ಇದನ್ನು ಓದಿ.

ನೀವು ಕೊಟ್ಟ ಅಳತೆಯಿಂದಲೇ ಹೋಗೋಣ. ಒಂದಕ್ಕೆ ಎರಡರ ಇಳಿಜಾರು ಅಂದರೆ 3 ಮೀಟರ್ ಇಳಿಯುವಷ್ಟರಲ್ಲಿ ಪ್ರತಿ ಕಡೆಯಿಂದ 6 ಮೀಟರ್ ಒಳಗೆ ಬಂದಿರುತ್ತೀರಿ. ಎರಡು ಕಡೆ ಸೇರಿ 12. ಹಾಗಾಗಿ ನಿಮ್ಮ ತಳ ಬರೀ 22ಕ್ಕೆ 12. ನೀರು ನಿಂತಿರುವುದು 2 ಮೀಟರ್, ಆದ್ದರಿಂದ ನೀರಿನ ಮೇಲ್ಮೈ 30ಕ್ಕೆ 20. ನಡು ಎತ್ತರದಲ್ಲಿ 26ಕ್ಕೆ 16. ಈಗ ಮೇಲ್ಮೈ 600, ತಳ 264, ನಡುವಿನದು 416 ಚದರ ಮೀಟರ್. ನಡುವಿನದನ್ನು ನಾಲ್ಕು ಪಟ್ಟು ಮಾಡಿ, ಮೂರನ್ನೂ ಕೂಡಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿ. 843 ಘನ ಮೀಟರ್ ಬರುತ್ತದೆ. ನೀವು ಹಿಡಿದದ್ದು 2,448.

ಪಿಪಿಎಂ ಅಂದರೆ ಘನ ಮೀಟರಿಗೆ ಒಂದು ಗ್ರಾಂ, ಅಷ್ಟೇ. 4.9 ಕೆಜಿಯನ್ನು 843ಕ್ಕೆ ಹಾಕಿದರೆ 5.8 ಪಿಪಿಎಂ ಆಗುತ್ತದೆ. ನೀವು ಕೊಡಬೇಕು ಅಂದುಕೊಂಡದ್ದು 2.

ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ ಇದೆ. ನಾನೂ ಏರಿ ಮೇಲೆ ನಿಂತು ಟೇಪ್ ಹಿಡಿದವನೇ. ನನ್ನ ಲೆಕ್ಕದಲ್ಲಿ ನೀರು 1,500 ಘನ ಮೀಟರ್ ಇತ್ತು. ಹೊಂಡದಲ್ಲಿ ಇದ್ದದ್ದು 600. ಬೆಳಿಗ್ಗೆ 3 ಕೆಜಿ ಕರಗಿಸಿ ಎರಚಿದೆ. 2 ಪಿಪಿಎಂ ಆಗಿದ್ದರೆ ನೀರು ತೆಳುವಾದ ಗುಲಾಬಿ ಬಣ್ಣಕ್ಕೆ ತಿರುಗಿ ಸಂಜೆ ಹೊತ್ತಿಗೆ ಮಾಸಬೇಕಿತ್ತು. ನನ್ನ ಹೊಂಡ ಸಂಜೆಗೂ ನೇರಳೆ ಹಣ್ಣಿನ ರಸದಂತೆ ಕಡುವಾಗಿಯೇ ಇತ್ತು. ಔಷಧಿ ಚೆನ್ನಾಗಿ ನಿಂತಿದೆ ಅಂತ ಸಂತೋಷಪಟ್ಟೆ. ಮರುದಿನ ಬೆಳಗಾಗುವ ಮೊದಲು ಹೋಗಿ ನೋಡಿದರೆ ಮೀನೆಲ್ಲ ನೀರು ಬೀಳುವ ಮೂಲೆಯಲ್ಲಿ ಗುಂಪಾಗಿ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು. ಸತ್ತ ಒಂದು ಕಾಟ್ಲಾ ಎತ್ತಿ ಕಿವಿರು ಬಿಡಿಸಿದೆ. ಕೆಂಪಿರಬೇಕಾದ ಎಳೆಗಳ ಮೇಲೆ ಕಂದು ಬಣ್ಣದ ಪುಡಿ ಹೆಪ್ಪುಗಟ್ಟಿದ ಹಾಗೆ ಕೂತಿತ್ತು. ಪಂಪ್ ಹಾಕಿ ಹೊಸ ನೀರು ಬಿಟ್ಟು ಉಳಿದದ್ದನ್ನು ಉಳಿಸಿಕೊಂಡೆ. ಆದರೂ ಎರಡು ದಿನದಲ್ಲಿ 70 ದೊಡ್ಡ ಮೀನು ಹೋದವು. ಔಷಧಿ ಸರಿಯಾದದ್ದೇ, ರೋಗ ಗುರುತಿಸಿದ್ದೂ ಸರಿಯೇ. ಕೊಂದದ್ದು ಅಳತೆ.

ಮೇಲೆ ಒಬ್ಬರು ಸರ್ "ಮೇಲ್ಮೈ, ತಳ ಎರಡರ ಸರಾಸರಿ ತೆಗೆದು ಆಳದಿಂದ ಗುಣಿಸಿ ಸಾಕು" ಅಂದಿದ್ದಾರೆ. ನಿಮ್ಮ ಹೊಂಡಕ್ಕೆ ಹಾಗೆ ಮಾಡಿದರೆ 864 ಬರುತ್ತದೆ, ವ್ಯತ್ಯಾಸ ಜಾಸ್ತಿ ಏನಿಲ್ಲ. ಆದರೆ ಅವರೂ ಮೇಲ್ಮೈ ಅಂತ 34ಕ್ಕೆ 24 ಅನ್ನೇ ಹಿಡಿದಿದ್ದಾರೆ ನೋಡಿ. ಸೂತ್ರ ಯಾವುದಾದರೂ ಇರಲಿ, ಟೇಪ್ ನೀರಿನ ಅಂಚಿನಿಂದ ನೀರಿನ ಅಂಚಿಗೆ ಹೋಗಬೇಕು. ಏರಿಯ ಮೇಲಿನ ಅಳತೆಯಲ್ಲಿ ಗಾಳಿಯೂ ಸೇರಿಕೊಂಡಿರುತ್ತದೆ, ಗಾಳಿಗೆ ಔಷಧಿ ಹಾಕಲ್ಲ ಅಲ್ವಾ.

ಇನ್ನೊಂದು ವಿಷಯ. ಇಳಿಜಾರು ಒಂದಕ್ಕೆ ಎರಡು ಅಂತ ನಿಮಗೆ ಹೇಳಿದ್ದು ಯಂತ್ರದವರಾ? ಅಗೆದ ದಿನ ಹಾಗಿದ್ದಿರಬಹುದು. ಅಲೆ ಬಡಿದು ಬಡಿದು ನೀರಂಚಿನ ಮಣ್ಣು ಕುಸಿದು ತಳಕ್ಕೆ ಜಾರಿರುತ್ತದೆ. ಸುಮ್ನೆ ನಂಬಬೇಡಿ, ನೋಡಿ. ನೀರಂಚಿನಿಂದ ಒಂದು ಮೀಟರ್ ಒಳಗೆ ಕೋಲು ನೆಟ್ಟಗೆ ಇಳಿಸಿ. ಅರ್ಧ ಮೀಟರ್ ಆಳ ಸಿಕ್ಕರೆ ಒಂದಕ್ಕೆ ಎರಡು. 35 ಸೆಂಟಿಮೀಟರ್ ಸಿಕ್ಕರೆ ಒಂದಕ್ಕೆ ಮೂರರ ಹತ್ತಿರ. ನಾಲ್ಕು ದಡದಲ್ಲೂ ನೋಡಿ, ನಾಲ್ಕೂ ಒಂದೇ ತರ ಇರುವುದು ಅಪರೂಪ.

ನಾನು ಆಮೇಲಿಂದ ಸೂತ್ರವನ್ನೇ ನೆಚ್ಚಿಕೊಂಡಿಲ್ಲ. ಹಗ್ಗ ಮತ್ತು ಕೋಲು, ಇವೆರಡೇ ನನ್ನ ಅಳತೆ. ಹಗ್ಗಕ್ಕೆ ಎರಡೆರಡು ಮೀಟರಿಗೆ ಬಣ್ಣದ ಬಟ್ಟೆ ಕಟ್ಟಿ. ಅಗಲಕ್ಕೆ ಅಡ್ಡವಾಗಿ ಈ ದಡದಿಂದ ಆ ದಡಕ್ಕೆ ಎಳೆದು ಬಿಗಿ ಮಾಡಿ. ತೆಪ್ಪದಲ್ಲೋ ಟ್ಯೂಬ್ ಮೇಲೋ ಹೋಗಿ ಪ್ರತಿ ಬಟ್ಟೆಯ ಕೆಳಗೆ ಕೋಲು ಇಳಿಸಿ ಆಳ ಬರೆದುಕೊಳ್ಳಿ. ಒಬ್ಬರು ಕೋಲು ಹಿಡಿಯಲಿ, ಇನ್ನೊಬ್ಬರು ದಡದಲ್ಲಿ ಬರೆಯಲಿ. ನಿಮ್ಮ ಹೊಂಡದಲ್ಲಿ ಹೂಳಿಲ್ಲ ಅಂದುಕೊಂಡರೆ ಮೊದಲ ಬಟ್ಟೆಗೆ 1 ಮೀಟರ್, ಆಮೇಲೆ ಏಳು ಬಟ್ಟೆಗೆ 2 ಮೀಟರ್, ಕೊನೆಯದಕ್ಕೆ ಮತ್ತೆ 1 ಸಿಗಬೇಕು. ಕೂಡಿದರೆ 16. ಬಟ್ಟೆಗಳ ನಡುವಿನ ದೂರ 2, ಅದರಿಂದ ಗುಣಿಸಿದರೆ 32 ಚದರ ಮೀಟರ್. ಅದು ಆ ಜಾಗದಲ್ಲಿ ಹೊಂಡವನ್ನು ಕತ್ತರಿಸಿದರೆ ಕಾಣುವ ನೀರಿನ ಮುಖ. ಹಗ್ಗವನ್ನು ಐದೈದು ಮೀಟರ್ ಸರಿಸುತ್ತಾ ಐದು ಸಲ ಹೀಗೆ ಮಾಡಿ. ಐದನ್ನೂ ಕೂಡಿ 5ರಿಂದ ಗುಣಿಸಿ. 800 ಬರುತ್ತದೆ. ಸೂತ್ರದ 843ಕ್ಕಿಂತ ಸ್ವಲ್ಪ ಕಡಿಮೆ, ಹಗ್ಗ ಹತ್ತಿರ ಹತ್ತಿರ ಎಳೆದಷ್ಟೂ ಸರಿಹೋಗುತ್ತದೆ. ಮೂಲೆ ದುಂಡಗಿದ್ದರೂ, ತಳ ಒಂದು ಕಡೆ ಇಳಿದಿದ್ದರೂ, ಹೊಂಡ ಗೋಡಂಬಿ ಆಕಾರದಲ್ಲಿದ್ದರೂ ಈ ಅಳತೆ ಮೋಸ ಮಾಡುವುದಿಲ್ಲ. ಅರ್ಧ ದಿನದ ಕೆಲಸ.

ಕೋಲಿನ ತುದಿಗೆ ಅಂಗೈ ಅಗಲದ ಹಲಗೆ ಹೊಡೆಯಿರಿ. ಬರಿ ಕೋಲು ಕೆಸರಿಗೆ ನುಗ್ಗಿ ಇಲ್ಲದ ನೀರನ್ನು ತೋರಿಸುತ್ತದೆ. ಹಲಗೆಯ ಕೋಲು ಹೂಳಿನ ಮೇಲೆ ನಿಲ್ಲುತ್ತದೆ. ಅದೇ ಜಾಗದಲ್ಲಿ ಬರಿ ಕೋಲೂ ಇಳಿಸಿ ನೋಡಿದರೆ ಎರಡರ ವ್ಯತ್ಯಾಸವೇ ಹೂಳಿನ ದಪ್ಪ. ನಿಮ್ಮಲ್ಲಿ 30 ಸೆಂಟಿಮೀಟರ್ ಹೂಳಿದ್ದರೆ 85 ಘನ ಮೀಟರ್ ಅದೇ ನುಂಗಿರುತ್ತದೆ. ಆಗ ನೀರು ಉಳಿಯೋದು 758. ಕೆಸರಿನೊಳಗೆ ಇಂಗಿದ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ನಮ್ಮಲ್ಲೇ ಕೆಲವರು ವಾದ ಮಾಡುತ್ತಾರೆ. ಕೆಸರು ಪರ್ಮಾಂಗನೇಟನ್ನು ತಿನ್ನುವುದು ನಿಜ. ಆದರೂ ನಾನು ಹಿಡಿಯಲ್ಲ. ಡೋಸ್ ಸ್ವಲ್ಪ ಕಡಿಮೆ ಬಿದ್ದರೆ ಇನ್ನೊಮ್ಮೆ ಹಾಕಬಹುದು, ಜಾಸ್ತಿ ಬಿದ್ದದ್ದನ್ನು ವಾಪಸ್ ತೆಗೆಯಲು ಆಗಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡದವರು ಬರಿ ಕೋಲು, ಕಬ್ಬಿಣದ ಸಲಾಕೆ ಇಳಿಸಬೇಡಿ, ಹಾಳೆ ತೂತಾಗುತ್ತದೆ.

ಅಳತೆ ಮುಗಿದ ಮೇಲೆ ಒಂದು ಕಂಬ ನೆಟ್ಟು ಅದರ ಮೇಲೆ ಆಳದ ಬದಲು ಘನ ಮೀಟರ್ ಬರೆದುಬಿಡಿ. ನಿಮ್ಮ ಹೊಂಡಕ್ಕೆ 2 ಮೀಟರಿನ ಗೆರೆಯಲ್ಲಿ 843, ಒಂದೂವರೆಗೆ 567, ಒಂದಕ್ಕೆ 337. 30 ಸೆಂಟಿಮೀಟರ್ ಹೂಳಿದ್ದರೆ ಮೂರರಿಂದಲೂ 85 ಕಳೆಯಿರಿ. ಗಮನಿಸಿದಿರಾ, ನೀರು ಅರ್ಧಕ್ಕೆ ಇಳಿದರೆ ಉಳಿಯೋದು ಅರ್ಧ ಅಲ್ಲ, ನೂರಕ್ಕೆ ನಲವತ್ತು. ಮೇಲಿನ ಅಗಲವಾದ ಭಾಗವೇ ಮೊದಲು ಹೋಗುತ್ತದೆ. ಮಳೆಗಾಲದಲ್ಲಿ ಬರೆದಿಟ್ಟ ಡೋಸನ್ನೇ ಬೇಸಿಗೆಯಲ್ಲಿ ಹಾಕಿ ಮೀನು ಕಳೆದುಕೊಂಡವರು ಈ ಗುಂಪಿನಲ್ಲೇ ಇದ್ದಾರೆ.

ಈಗ ಪರ್ಮಾಂಗನೇಟ್. ಹೂಳು ಅಳೆಯುವವರೆಗೆ 758 ಅಂತಲೇ ಇಟ್ಟುಕೊಳ್ಳಿ, ಒಂದೂವರೆ ಕೆಜಿ. ಅದಕ್ಕೂ ಮೊದಲು ಬಕೆಟ್ ಪರೀಕ್ಷೆ ಮಾಡಿ. ಒಂದು ಲೀಟರ್ ಶುದ್ಧ ನೀರಿಗೆ ಒಂದು ಗ್ರಾಂ ಕರಗಿಸಿ. ಮೂರು ಬಿಳಿ ಬಕೆಟ್‌ಗಳಲ್ಲಿ ಹತ್ತತ್ತು ಲೀಟರ್ ಹೊಂಡದ ನೀರು ತುಂಬಿ, ಈ ದ್ರಾವಣ 10, 20, 30 ಮಿಲಿ ಹಾಕಿ. ಅದು 1, 2, 3 ಪಿಪಿಎಂ ಆಯಿತು. ಕಾಲು ಗಂಟೆಯಲ್ಲಿ ಎರಡನೇ ಬಕೆಟ್ ಗುಲಾಬಿ ಹೋಗಿ ಚಹಾ ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಕೊಳೆ ಜಾಸ್ತಿ ಇದೆ, 2 ಪಿಪಿಎಂ ರೋಗದ ತನಕ ಹೋಗಲ್ಲ. ಆಗ ಅಂದಾಜಿನಲ್ಲಿ ಡೋಸ್ ಏರಿಸಬೇಡಿ. ಮೇವು ನಿಲ್ಲಿಸಿ, ಒಂದಷ್ಟು ನೀರು ಬದಲಿಸಿ, ಮತ್ತೆ ಬಕೆಟ್ ನೋಡಿ. ನೀರು ಬದಲಿಸಿದ ಮೇಲೆ ಕಂಬದ ಗೆರೆ ಎಲ್ಲಿದೆ ಅಂತಲೂ ನೋಡಬೇಕು. ಎರಚುವ ದಿನ ಬೆಳಗಿನ ಜಾವ ಮೀನು ಮೇಲೆ ಬಂದು ಗಾಳಿ ಎಳೆಯುತ್ತಿದ್ದರೆ ಆ ದಿನ ಬೇಡವೇ ಬೇಡ. ಪರ್ಮಾಂಗನೇಟ್ ಪಾಚಿಯನ್ನೂ ಕೊಲ್ಲುತ್ತದೆ, ಆಮ್ಲಜನಕ ಇನ್ನೂ ಇಳಿಯುತ್ತದೆ.

"ಎಕರೆಗೆ ಒಂದು ಲೀಟರ್" ಅಂತ ಮಾತ್ರ ಬರೆದಿರುವ ಬಾಟಲಿಗಳನ್ನು ನಾನು ಕೊಳ್ಳುವುದೇ ಬಿಟ್ಟಿದ್ದೇನೆ. ಎಷ್ಟು ಆಳದ ಎಕರೆ? ಒಳಗೆ ಏನು, ನೂರಕ್ಕೆ ಎಷ್ಟು ಅಂತ ಬರೆಯದ ಔಷಧಿಗೆ ಡೋಸ್ ಲೆಕ್ಕ ಹಾಕುವುದು ಹೇಗೆ? ಬಿಕೆಸಿ ಅನ್ನುವ ರೋಗಾಣುನಾಶಕ ನೂರಕ್ಕೆ 50ರದ್ದೂ ಸಿಗುತ್ತದೆ, 80ರದ್ದೂ ಸಿಗುತ್ತದೆ. ಒಂದರ ಡೋಸ್ ಇನ್ನೊಂದಕ್ಕೆ ಹಾಕಿದರೆ ನೀರಿನ ಅಳತೆ ಎಷ್ಟು ಸರಿ ಇದ್ದರೂ ಕೆಟ್ಟಿತು. ಮೈಲುತುತ್ತದ ಮಾತು ಒಬ್ಬರು ತೆಗೆದಿದ್ದಾರೆ. ಅದಕ್ಕೆ ನೀರಿನ ಕ್ಷಾರತೆ ಗೊತ್ತಿರಲೇಬೇಕು, 50 ಪಿಪಿಎಂಗಿಂತ ಕಡಿಮೆ ಇದ್ದರೆ ಮುಟ್ಟಬೇಡಿ.

ಮರಿಯ ಲೆಕ್ಕಕ್ಕೆ ಘನ ಮೀಟರ್ ಬೇಡ. ದುಂಡು ತೊಟ್ಟಿಯಲ್ಲಿ ಘನ ಮೀಟರಿಗೆ 30 ಮೀನು ಸಾಕುತ್ತೇನೆ ಅಂದ ಅಕ್ಕ ಹೇಳಿದ್ದು ಅವರ ತೊಟ್ಟಿಗೆ ಸರಿ, ಅಲ್ಲಿ ಹಗಲೂ ರಾತ್ರಿ ಗಾಳಿಯಂತ್ರ ಓಡುತ್ತದೆ. ನಿಮ್ಮದು ಮಣ್ಣಿನ ಹೊಂಡ. ಬೆಳಕು, ಗಾಳಿ, ಅದರಿಂದ ಹುಟ್ಟುವ ಹಸಿರು, ಎಲ್ಲ ಮೇಲ್ಮೈಯಿಂದಲೇ ಬರಬೇಕು. ಗಾಳಿಯಂತ್ರ ಇಲ್ಲದೆ ಕಾಟ್ಲಾ, ರೋಹು, ಮೃಗಾಲ್ ಸಾಕುವಾಗ ಹೆಕ್ಟೇರಿಗೆ 5,000ದಿಂದ 10,000 ಬೆರಳುದ್ದದ ಮರಿ ಅಂತ ಹಿಡಿಯುತ್ತಾರೆ. ಈಗಿನ ಮೇಲ್ಮೈ 600 ಚದರ ಮೀಟರ್, ಆದರೆ ನಾನು ಬೇಸಿಗೆಯ ನೀರಿಗೇ ಲೆಕ್ಕ ಹಾಕುತ್ತೇನೆ. ಒಂದೂವರೆ ಮೀಟರಿಗೆ ಇಳಿದರೆ ಮೇಲ್ಮೈ 504. ಅಂದರೆ 250ರಿಂದ 500 ಮರಿ. ನೀವು ಹೇಳಿದ 2,400 ಬಿಟ್ಟರೆ ಹೆಕ್ಟೇರಿಗೆ 40,000 ಬಿಟ್ಟ ಹಾಗೆ. ಮೊದಲ ಎರಡು ತಿಂಗಳು ಮರಿ ಚಿಕ್ಕವು, ಏನೂ ಗೊತ್ತಾಗಲ್ಲ. ಆಮೇಲೆ ಮೋಡ ಮುಚ್ಚಿದ ಒಂದು ರಾತ್ರಿಗೆ ಎಲ್ಲ ಮೇಲೆ ಬರುತ್ತವೆ.

ಹಳೆ 150 ಮೀನಿನ ತೂಕ ನೀವು ಹೇಳಿಲ್ಲ. ಅರ್ಧ ಕೆಜಿ ದಾಟಿದ್ದರೆ ಹತ್ತಿ ವಾಸಿಯಾದ ಮೇಲೆ ಅವನ್ನು ಹಿಡಿದುಬಿಡಿ, ಆಮೇಲೆ 400 ಮರಿ ಬಿಡಿ. ಹಿಡಿಯುವುದಿಲ್ಲ ಅಂದರೆ ಹೊಸದು 200 ಮೀರಬಾರದು. ಈ ಸಂಖ್ಯೆಗೆ ಇಲ್ಲಿ ಬೇರೆಯವರು ಒಪ್ಪದಿರಬಹುದು, ಹೇಳಲಿ.

ಹತ್ತಿ ಕಟ್ಟಿದ ಒಂದು ಮೀನನ್ನು ಎತ್ತಿ, ಆ ಜಾಗದಲ್ಲಿ ಹುರುಪೆ ಕಿತ್ತಿದೆಯಾ, ಗಾಯ ಇದೆಯಾ ನೋಡಿ ಫೋಟೋ ಹಾಕಿ. ಬಲೆ ಎಳೆದ ಗಾಯಕ್ಕೆ ಕಟ್ಟಿದ್ದಾದರೆ ಇಡೀ ಹೊಂಡಕ್ಕೆ ಔಷಧಿ ಎರಚುವ ಬದಲು ಆ ಮೀನುಗಳನ್ನಷ್ಟೇ ಹಿಡಿದು ಉಪ್ಪುನೀರಿನಲ್ಲಿ ಅದ್ದಿ ಬಿಡಬಹುದು. ಹೂಳಿನ ಅಳತೆಯನ್ನೂ ಜೊತೆಗೇ ಬರೆಯಿರಿ.